ಚಳಿಯಲ್ಲಿ ಫೋನ್ 40 ಪರ್ಸೆಂಟ್‌ಗೇ ಆಫ್ ಆದರೆ: ಕಾರಣ ಪತ್ತೆ ಮಾಡುವ ಕ್ರಮ

ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ಮೊಬೈಲ್ ದುರಸ್ತಿ ಮಾಡುವವರಿಗೆ ಪ್ರತಿ ಚಳಿಗಾಲದಲ್ಲೂ ಒಂದು ವಿಶಿಷ್ಟ ದೂರು ಬರುತ್ತದೆ. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಇದೇ ಊರಿನಲ್ಲಿದೆ. ಸುತ್ತಲಿನ ಹುಕ್ಕೇರಿ, ಗೋಕಾಕ, ಖಾನಾಪುರ ತಾಲ್ಲೂಕುಗಳ ಅನೇಕ ಯುವಕರು ಸೇನೆಯಲ್ಲಿದ್ದಾರೆ, ಮತ್ತು ಲಡಾಖ್ ಕಡೆಯಿಂದ ರಜೆಗೆ ಬಂದವರು ಜೊತೆಗೆ ಈ ದೂರನ್ನೂ ತರುತ್ತಾರೆ. ಈಚೆಗೆ ಬಂದ ಒಬ್ಬರು ಹೇಳಿದ ಮಾತು ಹೀಗಿತ್ತು: “ಇಲ್ಲೆ ನೆಟ್ಟಗ ನಡೀತೈತ್ರಿ. ಅಲ್ಲೆ ಮುಂಜಾನೆ ಮನಿಗೆ ವಿಡಿಯೋ ಕಾಲ್ ಹಚ್ಚಿದ್ರ ನಲವತ್ತಕ್ಕ ಬಂದ್ ಬೀಳ್ತೈತ್ರಿ. ಒಳಗ ಬಂದು ಚಾಲೂ ಮಾಡಿದ್ರ ಮತ್ತ ಮೂವತ್ತೈದು ತೋರಸ್ತೈತಿ.”

ಈ ಮಾತಿನ ಕೊನೆಯ ಭಾಗವೇ ಪತ್ತೆಕಾರ್ಯದ ಮೊದಲ ಸುಳಿವು. ಫೋನ್ ಆಫ್ ಆದ ಮೇಲೆ ಚಾರ್ಜರ್‌ಗೆ ಹಚ್ಚದೆ, ಬೆಚ್ಚಗಿನ ಜಾಗದಲ್ಲಿ ಅರ್ಧ ತಾಸು ಇಟ್ಟಾಗ ಅದು ತಾನಾಗಿಯೇ 30, 35 ಪರ್ಸೆಂಟ್ ತೋರಿಸುತ್ತ ಎದ್ದರೆ, ಬ್ಯಾಟರಿಯಲ್ಲಿದ್ದ ಚಾರ್ಜ್ ಎಲ್ಲಿಗೂ ಸೋರಿ ಹೋಗಿಲ್ಲ ಎಂದು ತಿಳಿಯಬೇಕು. ಚಾರ್ಜ್ ಒಳಗೇ ಇತ್ತು, ಆದರೆ ಫೋನ್ ಕೇಳಿದ ವೇಗದಲ್ಲಿ ಅದು ಹೊರಗೆ ಬರಲಾಗಲಿಲ್ಲ. ಬೆಚ್ಚಗಾದ ಮೇಲೂ 1, 2 ಪರ್ಸೆಂಟ್ ಮಾತ್ರ ತೋರಿಸಿದರೆ ತೊಂದರೆ ಬೇರೆ: ಚಾರ್ಜ್ ನಿಜಕ್ಕೂ ಖರ್ಚಾಗಿದೆ, ಅಥವಾ ಶೇಕಡಾವಾರು ಅಂದಾಜು ಮಾಡುವ ಲೆಕ್ಕವೇ ತಪ್ಪಿದೆ.

ಸೆಲ್‌ನ ಒಳಗೆ ನಡೆಯುವುದು ಏನು

ಲಿಥಿಯಂ ಅಯಾನ್ ಸೆಲ್‌ನಲ್ಲಿ ಒಂದು ಬದಿಗೆ ಗ್ರಾಫೈಟ್ ಪದರ, ಇನ್ನೊಂದು ಬದಿಗೆ ಹೆಚ್ಚಿನ ಫೋನ್‌ಗಳಲ್ಲಿ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಪದರ, ನಡುವೆ ಎಲೆಕ್ಟ್ರೋಲೈಟ್ ಎಂಬ ದ್ರಾವಣ ಇರುತ್ತವೆ. ಫೋನ್ ನಡೆಯುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್‌ನಿಂದ ಹೊರಟು, ದ್ರಾವಣದ ಮೂಲಕ ಸಾಗಿ, ಎದುರಿನ ಪದರದೊಳಗೆ ಸೇರಿಕೊಳ್ಳುತ್ತವೆ. ಈ ದ್ರಾವಣದ ಮುಖ್ಯ ಅಂಶಗಳಲ್ಲಿ ಒಂದಾದ ಎಥಿಲೀನ್ ಕಾರ್ಬೊನೇಟ್ ಶುದ್ಧ ರೂಪದಲ್ಲಿ ಸುಮಾರು 36 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವ ವಸ್ತು. ತೆಳುವಾದ ಬೇರೆ ಕಾರ್ಬೊನೇಟ್‌ಗಳನ್ನು ಬೆರೆಸಿರುವುದರಿಂದಲೇ ಅದು ದ್ರವವಾಗಿ ಉಳಿದಿರುತ್ತದೆ. ಚಳಿ ಹೆಚ್ಚಿದಂತೆ ಈ ಮಿಶ್ರಣ, ಪುಷ್ಯ ಮಾಸದ ಮುಂಜಾನೆ ಬಾಟಲಿಯಲ್ಲಿ ಮಂದವಾಗುವ ಕೊಬ್ಬರಿ ಎಣ್ಣೆಯಂತೆ ದಪ್ಪಗಾಗುತ್ತ ಹೋಗುತ್ತದೆ, ಮತ್ತು ಅಯಾನುಗಳ ಓಡಾಟ ನಿಧಾನವಾಗುತ್ತದೆ.

ದ್ರಾವಣ ದಪ್ಪಗಾಗುವುದಕ್ಕಿಂತ ದೊಡ್ಡ ಅಡ್ಡಿ ಪದರದ ಬಾಗಿಲಲ್ಲೇ ಇರುತ್ತದೆ. ದ್ರಾವಣದಲ್ಲಿ ಸಾಗುವ ಪ್ರತಿ ಅಯಾನಿನ ಸುತ್ತ ದ್ರಾವಣದ ಅಣುಗಳು ಅಂಟಿಕೊಂಡಿರುತ್ತವೆ, ಮತ್ತು ಪದರದೊಳಗೆ ಹೋಗಬೇಕಾದರೆ ಅಯಾನು ಅವನ್ನು ಕಳಚಿಕೊಳ್ಳಬೇಕು. ಇದಕ್ಕೆ ಬೇಕಾದ ಶಕ್ತಿ ಉಷ್ಣದಿಂದ ಬರುತ್ತದೆ. ಉಷ್ಣತೆ ಇಳಿದಂತೆ ಈ ಕ್ರಿಯೆ ಸಮಪ್ರಮಾಣದಲ್ಲಿ ಕುಗ್ಗದೆ ಬಹಳ ವೇಗವಾಗಿ ಕುಗ್ಗುವುದರಿಂದ, 25ರಿಂದ 10 ಡಿಗ್ರಿಗೆ ಇಳಿದಾಗ ಗೊತ್ತೇ ಆಗದ ತೊಂದರೆ ಸೊನ್ನೆಯ ಕೆಳಗೆ ಹೋದಾಗ ಎದ್ದು ಕಾಣುತ್ತದೆ. ಈ ಎಲ್ಲ ಅಡ್ಡಿಗಳ ಒಟ್ಟು ಮೊತ್ತವನ್ನು ಸೆಲ್‌ನ ಆಂತರಿಕ ರೋಧ ಎನ್ನುತ್ತಾರೆ. ಅದನ್ನು ಓಮ್‌ನಲ್ಲಿ ಅಳೆಯಬಹುದು, ಮತ್ತು ಮುಂದಿನ ಪರೀಕ್ಷೆಯೆಲ್ಲ ಈ ಒಂದೇ ಸಂಖ್ಯೆಯನ್ನು ಹುಡುಕುವ ಕೆಲಸ.

ಸೆಲ್‌ನಿಂದ ಕರೆಂಟ್ ಎಳೆದಾಗ ಅದರ ವೋಲ್ಟೇಜ್ ಎಷ್ಟು ಕುಸಿಯುತ್ತದೆ ಎಂಬುದು ಕರೆಂಟನ್ನು ಆಂತರಿಕ ರೋಧದಿಂದ ಗುಣಿಸಿದಷ್ಟು. ಫೋನ್‌ಗೆ ಒಂದು ಕನಿಷ್ಠ ವೋಲ್ಟೇಜ್ ಇರುತ್ತದೆ. ಮಾದರಿಗೆ ತಕ್ಕಂತೆ ಅದು ಸಾಮಾನ್ಯವಾಗಿ 3.0ರಿಂದ 3.4 ವೋಲ್ಟ್ ನಡುವೆ ಇದ್ದು, ಅದಕ್ಕಿಂತ ಕೆಳಗೆ ಹೋದರೆ ಫೋನ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಫೋನ್ ಹಠಾತ್ತನೆ ಏಕೆ ಆಫ್ ಆಗುತ್ತದೆ ಎಂಬುದಕ್ಕೆ ಇನ್ನೊಂದು ಕಾರಣ ಇಲ್ಲಿಯೇ ಇದೆ. ಪ್ರೊಸೆಸರ್, ಕ್ಯಾಮೆರಾ, ರೇಡಿಯೋ ಇವುಗಳಿಗೆ ಬೇಕಾದ ಒಟ್ಟು ವಿದ್ಯುತ್ ಶಕ್ತಿ ಬದಲಾಗುವುದಿಲ್ಲ, ಆದ್ದರಿಂದ ವೋಲ್ಟೇಜ್ ಕುಸಿದಷ್ಟೂ ಫೋನ್ ಹೆಚ್ಚು ಕರೆಂಟ್ ಎಳೆಯುತ್ತದೆ, ಹೆಚ್ಚು ಕರೆಂಟ್ ಎಳೆದಷ್ಟೂ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಬಳಸುವವರಿಗೆ ಎಚ್ಚರಿಕೆ ಸಿಗುವ ಮೊದಲೇ ಪರದೆ ಕಪ್ಪಾಗುತ್ತದೆ.

ನಮ್ಮ ಬಿಸಿಲಿಗೂ ಅಲ್ಲಿಯ ಚಳಿಗೂ ಇರುವ ನಂಟು

ಹೊಸ ಸೆಲ್‌ನಲ್ಲಿ ಆಂತರಿಕ ರೋಧ ಕಡಿಮೆ ಇರುತ್ತದೆ, ಸೆಲ್ ಹಳೆಯದಾದಂತೆ ಏರುತ್ತದೆ. ಗ್ರಾಫೈಟ್‌ನ ಮೇಲೆ ಮೊದಲ ಚಾರ್ಜ್‌ನಲ್ಲೇ ಒಂದು ತೆಳು ರಕ್ಷಣಾ ಪೊರೆ ಹುಟ್ಟುತ್ತದೆ, ಮತ್ತು ವರ್ಷ ಕಳೆದಂತೆ ಅದು ದಪ್ಪಗಾಗುತ್ತ ಅಯಾನುಗಳ ದಾರಿಯನ್ನು ಬಿಗಿಗೊಳಿಸುತ್ತದೆ. ಈ ಪೊರೆಯನ್ನು ಅತಿ ವೇಗವಾಗಿ ಬೆಳೆಸುವುದು ಶಾಖ, ಅದರಲ್ಲೂ ಪೂರ್ತಿ ಚಾರ್ಜ್ ಆದ ಸ್ಥಿತಿಯಲ್ಲಿ ತಗಲುವ ಶಾಖ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವ ದಿನಗಳಿರುತ್ತವೆ. ಅಂಥ ಮಧ್ಯಾಹ್ನ ಟ್ರ್ಯಾಕ್ಟರ್‌ನ ಮುಂಭಾಗದಲ್ಲೋ ಮೋಟರ್ ಸೈಕಲ್‌ನ ಹ್ಯಾಂಡಲ್ ಮೇಲೋ ಚಾರ್ಜ್ ಆಗುತ್ತ ನಕ್ಷೆ ತೋರಿಸುವ ಫೋನ್‌ನ ಸೆಲ್ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಹಾಗೆ ಎರಡು ಮೂರು ಬೇಸಿಗೆ ಕಳೆದ ಸೆಲ್‌ನಲ್ಲಿ ದಿನವಿಡೀ ಚಾರ್ಜ್ ನಿಲ್ಲಬಹುದು, ಸಾಮರ್ಥ್ಯ ಶೇಕಡಾ 80ರ ಮೇಲೆಯೇ ಇರಬಹುದು, ಆದರೂ ಅದರ ಆಂತರಿಕ ರೋಧ ಇಮ್ಮಡಿಯಾಗಿರಬಹುದು. ಬೆಳಗಾವಿಯ ಹವೆಯಲ್ಲಿ ಈ ದೋಷ ಮರೆಯಾಗಿಯೇ ಇರುತ್ತದೆ. ಲೇಹ್‌ನಲ್ಲಿ ಜನವರಿ ರಾತ್ರಿಗಳು ಸೊನ್ನೆಗಿಂತ 10, 15 ಡಿಗ್ರಿ ಕೆಳಗಿಳಿಯುತ್ತವೆ, ಅಲ್ಲಿ ಹೋದೊಡನೆ ಬಯಲಾಗುತ್ತದೆ. ಆದ್ದರಿಂದ ಚಳಿಯನ್ನಷ್ಟೇ ದೂರುವ ಮೊದಲು ಸೆಲ್‌ನ ವಯಸ್ಸನ್ನು ಅಳೆಯುವುದು ಸರಿಯಾದ ಕ್ರಮ.

ಇದೇ ಕಾರಣಕ್ಕೆ, ಬೆಳಗಾವಿಯ ಚಳಿಗಾಲದ 12, 13 ಡಿಗ್ರಿಯ ಮುಂಜಾನೆಯಲ್ಲೇ ಒಂದು ಫೋನ್ ಅರ್ಧ ಚಾರ್ಜ್‌ನಲ್ಲಿ ಆಫ್ ಆಗುತ್ತಿದ್ದರೆ ಹೆಚ್ಚು ಯೋಚಿಸಬೇಕಾಗಿಲ್ಲ. ಆ ಉಷ್ಣತೆಯಲ್ಲಿ ಆರೋಗ್ಯವಾದ ಯಾವ ಸೆಲ್ಲೂ ಹಾಗೆ ಮಾಡುವುದಿಲ್ಲ. ಆಪಲ್ ಮತ್ತು ಸ್ಯಾಮ್‌ಸಂಗ್ ತಮ್ಮ ಫೋನ್‌ಗಳ ಬಳಕೆಗೆ ಹೇಳಿರುವ ಸುತ್ತಲಿನ ಉಷ್ಣತೆ 0ರಿಂದ 35 ಡಿಗ್ರಿ. ಅಂದರೆ ನಮ್ಮ ಚಳಿ ಆ ಮಿತಿಯ ಒಳಗೇ ಇದೆ. ಲೇಹ್‌ನ ಚಳಿ ಹೊರಗಿದೆ. ನಮ್ಮ ಮೇ ತಿಂಗಳೂ ಹೊರಗಿದೆ.

ಅಳತೆ ಮಾಡುವ ಬಗೆ

ಆಂಡ್ರಾಯ್ಡ್ ಫೋನ್‌ನಲ್ಲಿ ಬ್ಯಾಟರಿಯ ವೋಲ್ಟೇಜ್ ಮತ್ತು ಉಷ್ಣತೆಯನ್ನು ಫೋನ್ ತಾನೇ ಹೇಳುತ್ತದೆ. ಕಂಪ್ಯೂಟರ್‌ಗೆ ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಓದುವುದು ಅನೇಕರ ಪದ್ಧತಿ, ಆದರೆ ಈ ಪರೀಕ್ಷೆಗೆ ಅದು ನಡೆಯದು. ಕೇಬಲ್ ಹಚ್ಚಿದೊಡನೆ ಫೋನ್‌ಗೆ ಹೊರಗಿನಿಂದ ಕರೆಂಟ್ ಬರುವುದರಿಂದ ಸೆಲ್‌ನ ಮೇಲೆ ನಿಜವಾದ ಭಾರ ಬೀಳುವುದೇ ಇಲ್ಲ. ಆದ್ದರಿಂದ ಡೆವಲಪರ್ ಆಯ್ಕೆಗಳಲ್ಲಿ Wireless debugging ಆನ್ ಮಾಡಿ, ಕಂಪ್ಯೂಟರ್‌ನಲ್ಲಿರುವ adb ಎಂಬ ತಂತ್ರಾಂಶಕ್ಕೆ ವೈಫೈ ಮೂಲಕ ಜೋಡಿಸಬೇಕು. ವಿಳಾಸ, ಪೋರ್ಟ್ ಮತ್ತು ಜೋಡಣೆಯ ಸಂಕೇತ ಫೋನ್‌ನ ಪರದೆಯಲ್ಲೇ ಕಾಣಿಸುತ್ತವೆ, ಆದರೆ pair ಆದೇಶದ ಪೋರ್ಟ್ ಬೇರೆ, connect ಆದೇಶದ ಪೋರ್ಟ್ ಬೇರೆ.

```
adb pair IP:PAIRING_PORT
adb connect IP:PORT
adb shell dumpsys battery
adb shell cat /sys/class/power_supply/battery/current_now
```

ಮೂರನೆಯ ಆದೇಶದ ಉತ್ತರದಲ್ಲಿ level ಎಂಬುದು ಶೇಕಡಾವಾರು, voltage ಎಂಬುದು ಮಿಲಿವೋಲ್ಟ್, temperature ಎಂಬುದು ಡಿಗ್ರಿಯ ಹತ್ತನೇ ಒಂದು ಭಾಗ, ಅಂದರೆ 270 ಎಂದಿದ್ದರೆ 27 ಡಿಗ್ರಿ. ಕೊನೆಯ ಆದೇಶ ಹಲವು ಫೋನ್‌ಗಳಲ್ಲಿ ಕರೆಂಟನ್ನು ಮೈಕ್ರೋ ಆಂಪಿಯರ್‌ನಲ್ಲಿ ಕೊಡುತ್ತದೆ. ಕೆಲವು ಕಂಪನಿಗಳ ಫೋನ್‌ಗಳು ಅದನ್ನು ಓದಲು ಬಿಡುವುದಿಲ್ಲ, ಆಗ ಬ್ಯಾಟರಿಯ ಕರೆಂಟ್ ತೋರಿಸುವ ಯಾವುದಾದರೂ ಆ್ಯಪ್ ಸಾಕು. ಸಂಖ್ಯೆಯ ಮುಂದಿನ ಋಣ ಚಿಹ್ನೆಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಏಕೆಂದರೆ ಅದರ ಪದ್ಧತಿ ಕಂಪನಿಯಿಂದ ಕಂಪನಿಗೆ ಬೇರೆ.

ಮೇಲೆ ಹೇಳಿದ ಸೈನಿಕರ ಫೋನ್ ಮೂರು ವರ್ಷ ಹಳೆಯದು, ಬ್ಯಾಟರಿ ಕಂಪನಿಯದ್ದೇ. ಅದನ್ನು ಪರೀಕ್ಷಿಸಿದ ಬಗೆ ಹೀಗಿದೆ. ಚಾರ್ಜ್ 42 ಪರ್ಸೆಂಟ್ ಇದ್ದಾಗ, ಪರದೆ ಮಂದವಾಗಿಟ್ಟು, ಎಲ್ಲ ಆ್ಯಪ್ ಮುಚ್ಚಿ ಕೆಲವು ನಿಮಿಷ ಬಿಟ್ಟಾಗ ವೋಲ್ಟೇಜ್ 3.80, ಕರೆಂಟ್ 0.15 ಆಂಪಿಯರ್, ಉಷ್ಣತೆ 27 ಡಿಗ್ರಿ ಇತ್ತು. ಅನಂತರ ಪರದೆಯ ಬೆಳಕನ್ನು ಪೂರ್ತಿ ಏರಿಸಿ, ಫ್ಲ್ಯಾಶ್ ಬೆಳಕು ಹಚ್ಚಿಕೊಂಡು ವಿಡಿಯೋ ಚಿತ್ರೀಕರಣ ಆರಂಭಿಸಲಾಯಿತು. ಫೋನ್ ಹೇಳುವ ಸಂಖ್ಯೆ ಕ್ಷಣಕ್ಷಣಕ್ಕೂ ಬದಲಾಗದೆ ಕೆಲವು ಸೆಕೆಂಡ್‌ಗಳಿಗೊಮ್ಮೆ ಬದಲಾಗುವುದರಿಂದ, ಈ ಭಾರವನ್ನು ಒಂದು ನಿಮಿಷವಾದರೂ ಬಿಡಬೇಕು. ಆಗ ವೋಲ್ಟೇಜ್ 3.60ಕ್ಕೆ ಇಳಿಯಿತು, ಕರೆಂಟ್ 1.35ಕ್ಕೆ ಏರಿತು. ಕರೆಂಟ್ 1.2 ಆಂಪಿಯರ್ ಹೆಚ್ಚಿದಾಗ ವೋಲ್ಟೇಜ್ 0.20 ಕುಸಿಯಿತು ಎಂದರೆ ಆಂತರಿಕ ರೋಧ ಸುಮಾರು 0.17 ಓಮ್. ಇದೇ ಮಾದರಿಯ ಹೊಸ ಸೆಲ್ ಹಾಕಿ ಅದೇ ಭಾರದಲ್ಲಿ ನೋಡಿದಾಗ ಬಂದದ್ದು 0.08 ಓಮ್, ಅರ್ಧಕ್ಕಿಂತಲೂ ಕಡಿಮೆ.

ಚಳಿಯ ಪರಿಣಾಮ ನೋಡಲು ಲಡಾಖ್‌ಗೆ ಹೋಗಬೇಕಾಗಿಲ್ಲ. ಫೋನನ್ನು ಜಿಪ್ ಇರುವ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೊರಗೆ ಒತ್ತಿ ಮುಚ್ಚಿ, ಫ್ರಿಜ್‌ನ ಕೆಳಗಿನ ಭಾಗದಲ್ಲಿ ಮುಕ್ಕಾಲು ತಾಸು ಇಟ್ಟರೆ ಸೆಲ್ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹೊರತೆಗೆದು ಚೀಲದ ಮೇಲಿನಿಂದಲೇ ಪರದೆ ಮುಟ್ಟಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಫೋನ್ ಪೂರ್ತಿ ಬೆಚ್ಚಗಾಗುವ ತನಕ ಚೀಲ ಬಿಚ್ಚಬಾರದು, ಬಿಚ್ಚಿದರೆ ಹೊರಗಿನ ಗಾಳಿಯ ತೇವ ತಣ್ಣನೆಯ ಬೋರ್ಡಿನ ಮೇಲೆ ನೀರಾಗಿ ಕೂರುತ್ತದೆ. ಬರ್ಫ ಕಟ್ಟುವ ಮೇಲಿನ ಭಾಗದಲ್ಲಿ ಇಡುವುದು ಬೇಡವೇ ಬೇಡ. ಈ ಫೋನ್‌ನಲ್ಲಿ 9 ಡಿಗ್ರಿಗೆ ಹಳೆಯ ಸೆಲ್‌ನ ರೋಧ 0.30 ಓಮ್‌ಗೆ ಏರಿತ್ತು.

ಇಲ್ಲಿಂದ ಮುಂದಿನದು ಅಂದಾಜು, ಆದರೆ ದಾರಿ ತೋರಿಸುವ ಅಂದಾಜು. ಸೊನ್ನೆಗಿಂತ 10 ಡಿಗ್ರಿ ಕೆಳಗೆ ರೋಧ ಕೋಣೆಯ ಉಷ್ಣತೆಯಲ್ಲಿದ್ದದ್ದಕ್ಕಿಂತ ನಾಲ್ಕು ಪಟ್ಟಾಗುತ್ತದೆ ಎಂದು ಹಿಡಿಯೋಣ. ಹಳೆಯ ಸೆಲ್‌ಗೆ ಅದು 0.68 ಓಮ್, ಹೊಸದಕ್ಕೆ 0.32. ವಿಡಿಯೋ ಕಾಲ್‌ನಲ್ಲಿ 1.35 ಆಂಪಿಯರ್ ಎಳೆದರೆ ಹಳೆಯ ಸೆಲ್ 0.92 ವೋಲ್ಟ್ ಕುಸಿದು 3.80ರಿಂದ 2.88ಕ್ಕೆ ಬರುತ್ತದೆ, ಅಂದರೆ ಯಾವ ಫೋನ್ ಕೂಡ ಆಫ್ ಆಗಲೇಬೇಕು. ಹೊಸ ಸೆಲ್ 0.43 ವೋಲ್ಟ್ ಕುಸಿದು 3.37ರ ಹತ್ತಿರ ನಿಲ್ಲುತ್ತದೆ. ಅಂಚಿನಲ್ಲಿದೆ, ಆದರೆ ಹೆಚ್ಚಿನ ಫೋನ್‌ಗಳಲ್ಲಿ ಕಾಲ್ ನಡೆಯುತ್ತದೆ. ಹೊಸ ಸೆಲ್ ಕೂಡ 15 ಪರ್ಸೆಂಟ್‌ಗೆ ಬಂದಾಗ ಅದೇ ಚಳಿಯಲ್ಲಿ ಕೈಕೊಡುತ್ತದೆ, ಏಕೆಂದರೆ ಆಗ ಅದು ಹೊರಡುವ ವೋಲ್ಟೇಜೇ ಕಡಿಮೆ ಇರುತ್ತದೆ.

ಐಫೋನ್‌ನಲ್ಲಿ ಇಷ್ಟು ಅಳೆಯಬೇಕಾಗಿಲ್ಲ. ಬ್ಯಾಟರಿಗೆ ಬೇಕಾದಷ್ಟು ಶಕ್ತಿ ಕೊಡಲಾಗದೆ ಫೋನ್ ಹಠಾತ್ತನೆ ಆಫ್ ಆಗಿತ್ತು ಎಂಬ ಸೂಚನೆ ಹಲವು ಮಾದರಿಗಳಲ್ಲಿ Battery Health ಪುಟದಲ್ಲೇ ಕಾಣಿಸುತ್ತದೆ. ಆದರೆ ಆ ಪುಟದ ಗರಿಷ್ಠ ಸಾಮರ್ಥ್ಯದ ಶೇಕಡಾವಾರನ್ನು ಮಾತ್ರ ನೋಡಿ ಸೆಲ್ ಚೆನ್ನಾಗಿದೆ ಎನ್ನಬಾರದು. ಅದು ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದನ್ನು ಹೇಳುತ್ತದೆ, ಎಷ್ಟು ವೇಗವಾಗಿ ಕೊಡುತ್ತದೆ ಎಂಬುದನ್ನು ಹೇಳುವುದಿಲ್ಲ.

ಚಳಿಯ ವೇಷದಲ್ಲಿ ಬರುವ ಬೇರೆ ದೋಷಗಳು

ಅಳತೆಯಲ್ಲಿ ರೋಧ ಚೆನ್ನಾಗಿದ್ದೂ ಫೋನ್ ಆಫ್ ಆಗುತ್ತಿದ್ದರೆ ಮೊದಲು ಬ್ಯಾಟರಿಯ ಕನೆಕ್ಟರ್ ನೋಡಬೇಕು. ಅದು ಸಡಿಲವಾಗಿದ್ದರೆ ಚಳಿ ಸೆಕೆ ಎನ್ನದೆ, ಫೋನ್ ಜೇಬಿಗೆ ಇಳಿಸಿದಾಗ ಅಥವಾ ಬೆನ್ನನ್ನು ಮೆಲ್ಲಗೆ ಒತ್ತಿದಾಗ ಆಫ್ ಆಗುತ್ತದೆ. ಚಳಿಯಲ್ಲಿ ಪರದೆಯ ಚಿತ್ರ ಎಳೆದಂತೆ ನಿಧಾನವಾಗಿ ಬದಲಾಗುತ್ತಿದ್ದು ಫೋನ್ ಆಫ್ ಆಗದಿದ್ದರೆ ಅದು ಎಲ್‌ಸಿಡಿ ಪರದೆಯ ಸ್ವಭಾವ, ಬ್ಯಾಟರಿಗೆ ಸಂಬಂಧವಿಲ್ಲ.

ಹೆಚ್ಚು ಕಾಳಜಿ ಬೇಕಾದದ್ದು ಡೂಪ್ಲಿಕೇಟ್ ಬ್ಯಾಟರಿಯ ವಿಷಯದಲ್ಲಿ. ಅಸಲಿ ಬ್ಯಾಟರಿಯಲ್ಲಿ ಉಷ್ಣತೆಗೆ ತಕ್ಕಂತೆ ಬದಲಾಗುವ ಥರ್ಮಿಸ್ಟರ್ ಎಂಬ ಸಣ್ಣ ಬಿಡಿಭಾಗ ಇರುತ್ತದೆ. ಕೆಲವು ಅಗ್ಗದ ನಕಲುಗಳಲ್ಲಿ ಅದರ ಜಾಗದಲ್ಲಿ ಬದಲಾಗದ ಸಾದಾ ರೆಸಿಸ್ಟರ್ ಕೂರಿಸಿರುತ್ತಾರೆ. ಇದನ್ನು ಪತ್ತೆ ಮಾಡುವುದು ಸುಲಭ: ಫ್ರಿಜ್‌ನಿಂದ ತೆಗೆದ ಫೋನ್ ಕೈಗೆ ತಣ್ಣಗೆ ಹತ್ತುತ್ತಿದ್ದರೂ temperature ಸಾಲಿನಲ್ಲಿ ಮೊದಲಿನ ಸಂಖ್ಯೆಯೇ ನಿಂತಿದ್ದರೆ ಬ್ಯಾಟರಿ ನಂಬಲರ್ಹವಲ್ಲ. ಇದು ಬರಿಯ ಅಂಕಿಯ ತಪ್ಪಲ್ಲ. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಗ್ರಾಫೈಟ್‌ನ ಒಳಗೆ ಹೋಗಲಾರದೆ ಅದರ ಮೇಲೆ ಲೋಹವಾಗಿ ಕೂರುತ್ತದೆ, ಆ ಭಾಗದ ಸಾಮರ್ಥ್ಯ ಹೆಚ್ಚಾಗಿ ಮರಳುವುದಿಲ್ಲ, ಲೋಹ ಸೂಜಿಯಂತೆ ಬೆಳೆದರೆ ಸೆಲ್ ಒಳಗೇ ಶಾರ್ಟ್ ಆಗಬಹುದು. ಅಸಲಿ ಬ್ಯಾಟರಿ ಇರುವ ಫೋನ್ ಉಷ್ಣತೆ ಓದಿ ಚಾರ್ಜಿಂಗ್ ತಡೆಯುತ್ತದೆ, ನಕಲಿಯದ್ದು ಕುರುಡಾಗಿ ಮುಂದುವರಿಸುತ್ತದೆ. ಗಡಿಗೆ ಹೊರಡುವವರ ಫೋನ್‌ಗೆ ಅಂಥ ಬ್ಯಾಟರಿ ಹಾಕಿ ಕಳಿಸುವುದು ಯಾವ ದುರಸ್ತಿಗಾರನೂ ಮಾಡಬಾರದ ಕೆಲಸ.

ಯಾವ ಫೋನ್ ತಾಳಿಕೊಳ್ಳುತ್ತದೆ

ಹೊಸ ಫೋನ್ ಕೊಳ್ಳುವವರು ಕಂಪನಿಯ ಹೆಸರಿಗಿಂತ ಮೊದಲು ಬ್ಯಾಟರಿಯ ಗಾತ್ರ ನೋಡುವುದು ಒಳ್ಳೆಯದು. ಒಂದೇ ಬಗೆಯ ಸೆಲ್‌ಗಳಲ್ಲಿ ಸಾಮರ್ಥ್ಯ ಹೆಚ್ಚಿದಂತೆ ಪದರಗಳ ಹರವೂ ಹೆಚ್ಚಿ ಆಂತರಿಕ ರೋಧ ಇಳಿಯುತ್ತದೆ. ಒಂದೇ ಕೆಲಸಕ್ಕೆ 3000 ಮಿಲಿ ಆಂಪಿಯರ್ ಅವರ್‌ನ ಸೆಲ್ ಪಡುವ ಶ್ರಮಕ್ಕಿಂತ 6000ದ್ದು ಪಡುವ ಶ್ರಮ ಬಹಳ ಕಡಿಮೆ. ಈ ಕಾರಣಕ್ಕೆ ಅತಿ ತೆಳು, ಸಣ್ಣ ಫೋನ್‌ಗಳು ಚಳಿಯಲ್ಲಿ ಮೊದಲು ಸೋಲುತ್ತವೆ.

ಗ್ರಾಫೈಟ್‌ಗೆ ಸಿಲಿಕಾನ್ ಬೆರೆಸಿದ ಸಿಲಿಕಾನ್ ಕಾರ್ಬನ್ ಸೆಲ್‌ಗಳು 2023ರಲ್ಲಿ ಹಾನರ್ ಕಂಪನಿಯ ಫೋನ್‌ನೊಂದಿಗೆ ಮಾರುಕಟ್ಟೆಗೆ ಬಂದವು, ಈಗ ಒನ್‌ಪ್ಲಸ್ 13ರಂಥ ಫೋನ್‌ಗಳಲ್ಲಿ 6000 ಮಿಲಿ ಆಂಪಿಯರ್ ಅವರ್ ಸಾಮರ್ಥ್ಯದಲ್ಲಿ ಸಿಗುತ್ತವೆ. ಅವುಗಳ ಮುಖ್ಯ ಲಾಭ ಅದೇ ಜಾಗದಲ್ಲಿ ಹೆಚ್ಚು ಚಾರ್ಜ್ ಹಿಡಿಯುವುದು. ಸಿಲಿಕಾನ್ ಸೇರಿದ ಸೆಲ್ ಕಡಿಮೆ ವೋಲ್ಟೇಜ್‌ನಲ್ಲೂ ಚಾರ್ಜ್ ಉಳಿಸಿಕೊಂಡಿರುತ್ತದೆ, ಮತ್ತು ಅದನ್ನು ಬಳಸಲು ಅಂಥ ಫೋನ್‌ಗಳ ವಿದ್ಯುತ್ ಮಂಡಲವನ್ನು ಇನ್ನಷ್ಟು ಕಡಿಮೆ ವೋಲ್ಟೇಜ್‌ನಲ್ಲೂ ನಡೆಯುವಂತೆ ರೂಪಿಸುತ್ತಾರೆ. ಚಳಿಯಲ್ಲಿ ವೋಲ್ಟೇಜ್ ಕುಸಿದಾಗ ಆ ಅಂತರ ಉಪಯೋಗಕ್ಕೆ ಬರುತ್ತದೆ. ಆದರೆ ಎಲೆಕ್ಟ್ರೋಲೈಟ್ ಅದೇ ಕುಲದ್ದು, ದಪ್ಪಗಾಗುವ ಗುಣ ಅದಕ್ಕೂ ಇದೆ.

ತಂತ್ರಾಂಶದ ಪಾತ್ರವೂ ಸಣ್ಣದಲ್ಲ. ಐಫೋನ್ 6 ಮತ್ತು 6ಎಸ್ ಕಾಲದ ಫೋನ್‌ಗಳು ಹಠಾತ್ತನೆ ಆಫ್ ಆಗುತ್ತಿದ್ದುದನ್ನು ತಡೆಯಲು ಆಪಲ್ 2017ರ ಜನವರಿಯಲ್ಲಿ ಐಒಎಸ್ 10.2.1ರ ಮೂಲಕ ಪ್ರೊಸೆಸರ್‌ನ ವೇಗದ ತುದಿಗಳನ್ನು ಕಡಿಮೆ ಮಾಡಿತು. ಗ್ರಾಹಕರಿಗೆ ಸ್ಪಷ್ಟವಾಗಿ ಹೇಳದೆ ಮಾಡಿದ್ದು ತಪ್ಪು, ಅದಕ್ಕಾಗಿ ಆ ವರ್ಷದ ಡಿಸೆಂಬರ್‌ನಲ್ಲಿ ಕಂಪನಿ ಕ್ಷಮೆಯನ್ನೂ ಕೇಳಬೇಕಾಯಿತು. ಆದರೂ ಉಪಾಯ ತಾಂತ್ರಿಕವಾಗಿ ಸರಿಯಾಗಿತ್ತು: ತುದಿಯ ಕರೆಂಟ್ ತಗ್ಗಿಸಿದರೆ ವೋಲ್ಟೇಜ್ ಕುಸಿತವೂ ತಗ್ಗುತ್ತದೆ. ಚಳಿಯ ಜಾಗದಲ್ಲಿ ಇದನ್ನು ನಾವೇ ಮಾಡಬಹುದು. ಬ್ಯಾಟರಿ ಸೇವರ್ ಮೊದಲೇ ಆನ್ ಮಾಡಿ, ಪರದೆಯ ಬೆಳಕು ತಗ್ಗಿಸಿ, 5ಜಿ ಬದಲು 4ಜಿ ಇಟ್ಟು, ವಿಡಿಯೋ ಕಾಲ್ ಬದಲು ಮಾತಿನ ಕಾಲ್ ಮಾಡಿದರೆ ಅದೇ ಸೆಲ್ ಅದೇ ಚಳಿಯಲ್ಲಿ ಬಹಳ ಹೊತ್ತು ನಡೆಯುತ್ತದೆ.

ಗಟ್ಟಿಮುಟ್ಟು ಫೋನ್‌ಗಳ ಪೆಟ್ಟಿಗೆಯ ಮೇಲೆ ಕಾಣುವ ಮಿಲಿಟರಿ ಮಾನದಂಡದ ಮುದ್ರೆ ಫೋನ್ ಚಳಿಯಲ್ಲಿ ಕೆಡುವುದಿಲ್ಲ ಎಂದು ಹೇಳಬಹುದು, ಎಷ್ಟು ಹೊತ್ತು ನಡೆಯುತ್ತದೆ ಎಂದು ಹೇಳುವುದಿಲ್ಲ. ಈ ಗುಂಪಿನಲ್ಲಿ ನಿಜವಾದ ಅನುಕೂಲ ಇರುವುದು ಬ್ಯಾಟರಿ ಬಿಚ್ಚಬಹುದಾದ ಫೋನ್‌ಗಳಿಗೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಕ್ಸ್‌ಕವರ್ 7ರ ಬ್ಯಾಟರಿ 4050 ಮಿಲಿ ಆಂಪಿಯರ್ ಅವರ್‌ನದು, ಹೆಚ್ಚು ದೊಡ್ಡದಲ್ಲ. ಆದರೆ ಎರಡನೆಯ ಬ್ಯಾಟರಿಯನ್ನು ಅಂಗಿಯ ಒಳಜೇಬಿನಲ್ಲಿ ಮೈಶಾಖದಲ್ಲಿ ಇಟ್ಟುಕೊಂಡು ಬದಲಿಸಬಹುದು. ಹಾಗೆ ಬಿಚ್ಚಲಾಗದ ಫೋನನ್ನು ಪೂರ್ತಿಯಾಗಿಯೇ ಒಳಜೇಬಿನಲ್ಲಿ ಇಟ್ಟು, ಬೇಕಾದಾಗ ಮಾತ್ರ ಹೊರತೆಗೆದು, ಇಯರ್‌ಫೋನ್‌ನಲ್ಲಿ ಮಾತಾಡುವುದು ಅದಕ್ಕೆ ಸಮನಾದ ಪರಿಹಾರ.

ಆ ಸೈನಿಕರ ಫೋನ್‌ಗೆ ಹೊಸ ಅಸಲಿ ಸೆಲ್ ಹಾಕಿಕೊಡಲಾಯಿತು, ಫೋನ್ ಬದಲಿಸುವ ಅಗತ್ಯ ಬೀಳಲಿಲ್ಲ. ಹೊರಡುವಾಗ ಅವರಿಗೆ ಹೇಳಿದ್ದು ಚಾರ್ಜಿಂಗ್‌ನ ಬಗ್ಗೆ. ಚಳಿಯಿಂದ ಒಳಗೆ ಬಂದೊಡನೆ ಕೇಬಲ್ ಹಚ್ಚಿದಾಗ ಚಾರ್ಜ್ ಏರದಿದ್ದರೆ ಚಾರ್ಜರ್ ಕೆಟ್ಟಿದೆ ಎಂದು ತಿಳಿಯಬಾರದು. ಸೆಲ್ ಸೊನ್ನೆಗಿಂತ ಮೇಲೆ ಬರುವ ತನಕ ಫೋನ್ ಬೇಕೆಂದೇ ತಡೆಯುತ್ತಿರುತ್ತದೆ, 10 ಡಿಗ್ರಿಯ ತನಕ ನಿಧಾನವಾಗಿಯೇ ತುಂಬಿಸುತ್ತದೆ. ಕೋಣೆ ಕಾಯಿಸುವ ಬುಖಾರಿ ಒಲೆಯ ಮೇಲೋ ಹೀಟರ್‌ನ ಮುಂದೋ ಇಟ್ಟು ಅವಸರ ಮಾಡದೆ, ಕೇಬಲ್ ಬಿಚ್ಚಿ ಅರ್ಧ ತಾಸು ಕೋಣೆಯ ಹವೆಯಲ್ಲಿ ಬಿಟ್ಟು ಆಮೇಲೆ ಹಚ್ಚಬೇಕು.